52 ನಿಮಿಷದ ಇಂಗ್ಲಿಷ್ ಕಾಲ್, ಒಂದು ಪುಟದ ಕನ್ನಡ ಸಾರಾಂಶ: ತಪ್ಪು ಹೊಕ್ಕದ್ದು ಎಲ್ಲಿಂದ?

ಸಂಜೆಪಾಳಿ

ಎಲ್ಲರಿಗೂ ನಮಸ್ಕಾರ. ನೀರಿನ ಪಂಪುಗಳ ವಾರಂಟಿ ಕ್ಲೇಮ್‌ಗಳನ್ನು ಪರಿಶೀಲಿಸುವ ಹದಿನಾಲ್ಕು ಜನರ ತಂಡವೊಂದನ್ನು ಸಣ್ಣ ಊರೊಂದರಲ್ಲಿ ನಾನು ನೋಡಿಕೊಳ್ಳುತ್ತಿದ್ದೇನೆ. ನಮ್ಮ ಪ್ರಧಾನ ಕಚೇರಿ ಬ್ರಿಟನ್ನಿನಲ್ಲಿದೆ. ಅವರೊಂದಿಗೆ ತಿಂಗಳಿಗೆ ಎರಡು ಬಾರಿ ಕಾನ್ಫರೆನ್ಸ್ ಕಾಲ್ ಇರುತ್ತದೆ. ಅದರಲ್ಲಿ ತೀರ್ಮಾನವಾದದ್ದನ್ನು ಒಂದು ಪುಟದ ಕನ್ನಡ ಸಾರಾಂಶವಾಗಿ ಬರೆದು ತಂಡಕ್ಕೆ ಕೊಡುವುದು ನನ್ನ ಕೆಲಸ. ತಂಡದವರು ಇಂಗ್ಲಿಷ್ ಫಾರಂಗಳನ್ನು ಸಲೀಸಾಗಿ ಓದುತ್ತಾರೆ; ಆದರೆ ಐದಾರು ಜನ ಒಬ್ಬರ ಮಾತಿನ ಮೇಲೊಬ್ಬರು ಮಾತನಾಡಿರುವ ಹತ್ತೊಂಬತ್ತು ಪುಟಗಳ ಟ್ರಾನ್ಸ್‌ಕ್ರಿಪ್ಟನ್ನು ಓದಿ ತಮಗೆ ಬೇಕಾದದ್ದನ್ನು ಹೆಕ್ಕಿಕೊಳ್ಳಿ ಎಂದು ಅವರಿಗೆ ಹೇಳುವುದು ನ್ಯಾಯವಲ್ಲ.

ಅಕ್ಟೋಬರ್ ಮೊದಲ ವಾರದ ಕಾಲ್ ನಡೆದಾಗ ನಾನು ರಜೆಯಲ್ಲಿದ್ದೆ. ಹಿಂದಿರುಗಿದ ಮೇಲೆ ಟ್ರಾನ್ಸ್‌ಕ್ರಿಪ್ಟನ್ನಷ್ಟೇ ಓದಿ ಸಾರಾಂಶ ಬರೆದೆ. ಅದರ ಮುಖ್ಯ ವಾಕ್ಯಗಳು ಇವು: ‘15ನೇ ತಾರೀಕಿನ ನಂತರವೂ ಹಳೆಯ ಫಾರಂ ಅನ್ನು ಸ್ವೀಕರಿಸಬಹುದು. ಪ್ರತಿ ಕ್ಲೇಮ್‌ನೊಂದಿಗೆ ಸೀರಿಯಲ್ ನಂಬರ್ ಪ್ಲೇಟಿನ ಫೋಟೋ ಇರಬೇಕು. ಪ್ಲೇಟ್ ಇಲ್ಲದ ಮಾಡೆಲ್‌ಗಳ ಪಟ್ಟಿಯನ್ನು ಶುಕ್ರವಾರದೊಳಗೆ ಕಳುಹಿಸಲಾಗುವುದು.’ ಇದನ್ನು ಓದಿದವರಲ್ಲಿ ಅರ್ಧದಷ್ಟು ಜನ ಹಳೆಯ ಫಾರಂಗಳನ್ನು ಮೊದಲಿನಂತೆಯೇ ತೆಗೆದುಕೊಂಡರು. ಉಳಿದವರು ‘ಸ್ವೀಕರಿಸಬಹುದು’ ಎಂದರೆ ಮೇಲಿನವರ ಅನುಮತಿ ಪಡೆದು ಸ್ವೀಕರಿಸಬಹುದು ಎಂದು ತಿಳಿದು ಬದಿಗಿಟ್ಟರು. ಈಗ ಪ್ರಧಾನ ಕಚೇರಿಯಿಂದ 26 ಕ್ಲೇಮ್‌ಗಳು ಹಿಂದಕ್ಕೆ ಬಂದಿವೆ. ಪಟ್ಟಿಯಂತೂ ಎಲ್ಲಿಂದಲೂ ಬಂದಿಲ್ಲ. ನನ್ನ ಕನ್ನಡವನ್ನು ಇನ್ನಷ್ಟು ಸರಳಗೊಳಿಸಬೇಕಿತ್ತೇ? ಇಂತಹ ಸಾರಾಂಶ ಬರೆದು ಅಭ್ಯಾಸವಿರುವವರು ದಯವಿಟ್ಟು ತಿಳಿಸಿ.

ಧ್ವನಿಪೆಟ್ಟಿಗೆ

ನಿಮ್ಮ ತಂಡಕ್ಕೆ ಓದುವ ತೊಂದರೆಯಿದ್ದರೆ ಸಾರಾಂಶವನ್ನು ಬರೆಯುವುದೇ ಬೇಡ, ಧ್ವನಿ ಸಂದೇಶವಾಗಿ ಕಳುಹಿಸಿ. ನಮ್ಮ ಗೋದಾಮಿನಲ್ಲಿ ಎರಡು ವರ್ಷದಿಂದ ಹಾಗೆಯೇ ಮಾಡುತ್ತಿದ್ದೇವೆ. ಆರು ನಿಮಿಷದಲ್ಲಿ ಎಲ್ಲವನ್ನೂ ಹೇಳಿ ಮುಗಿಸಬಹುದು, ಕೇಳುವವರಿಗೂ ಬೇಸರವಾಗುವುದಿಲ್ಲ.

ಸಂಜೆಪಾಳಿ

ಧ್ವನಿಪೆಟ್ಟಿಗೆಯವರೇ, ತೊಂದರೆ ಓದುವುದರಲ್ಲಿಲ್ಲ. ಎಲ್ಲರೂ ಓದಿದ್ದಾರೆ, ಓದಿಯೇ ಎರಡು ಬಗೆಯಾಗಿ ಅರ್ಥಮಾಡಿಕೊಂಡಿದ್ದಾರೆ. ಅದೂ ಅಲ್ಲದೆ, ಒಂದು ದಿನಾಂಕವನ್ನು ಮತ್ತೆ ನೋಡಿಕೊಳ್ಳಬೇಕಾದಾಗ ಆರು ನಿಮಿಷದ ಧ್ವನಿಯಲ್ಲಿ ಅದನ್ನು ಹುಡುಕುವುದು ಹೇಗೆ?

ಧ್ವನಿಪೆಟ್ಟಿಗೆ

ಅದು ನಿಜ. ಸ್ಟಾಕ್ ಎಣಿಕೆಯ ದಿನಾಂಕವನ್ನು ಪೂರ್ತಿ ಸಂದೇಶ ಕೇಳದೆ ತಪ್ಪಾಗಿ ಬರೆದುಕೊಂಡವರು ನಮ್ಮಲ್ಲಿಯೂ ಇದ್ದಾರೆ. ನಾನು ಪ್ರಶ್ನೆಯನ್ನು ಸರಿಯಾಗಿ ಗಮನಿಸಲಿಲ್ಲ, ಕ್ಷಮಿಸಿ.

ಶೀಘ್ರಲಿಪಿ

ನಾನು ಮೂವತ್ತು ವರ್ಷ ಸಭೆಗಳ ನಡವಳಿ ಬರೆದವನು. ನೀವು ಹತ್ತೊಂಬತ್ತು ಪುಟಗಳನ್ನೂ ಓದಿದ್ದೇ ಶ್ರಮದ ಅಪವ್ಯಯ ಎಂದು ನನಗೆ ಅನ್ನಿಸುತ್ತದೆ. ಕ್ರಮಬದ್ಧವಾಗಿ ನಡೆದ ಯಾವ ಸಭೆಯಲ್ಲಿಯೂ ಕೊನೆಯ ಐದು ಹತ್ತು ನಿಮಿಷಗಳಲ್ಲಿ ನಡೆಸುವವರೇ ತೀರ್ಮಾನಗಳನ್ನು ಒಮ್ಮೆ ಹೇಳಿಬಿಡುತ್ತಾರೆ. ಆ ಭಾಗವನ್ನು ವಾಕ್ಯಕ್ಕೆ ವಾಕ್ಯ ಕನ್ನಡಕ್ಕೆ ತನ್ನಿ. ಹಿಂದಿನದ್ದೆಲ್ಲ ಆ ತೀರ್ಮಾನಕ್ಕೆ ಬರಲು ಮಾಡಿದ ಮಾತುಕತೆ ಮಾತ್ರ. ನಿಮ್ಮ ಟ್ರಾನ್ಸ್‌ಕ್ರಿಪ್ಟಿನ ಕೊನೆಯಲ್ಲಿ ಏನಿದೆ ನೋಡಿ.

ಸಂಜೆಪಾಳಿ

ನೋಡಿದೆ. 47ನೇ ನಿಮಿಷದಲ್ಲಿ ಕಾಲ್ ನಡೆಸಿದವರು ಹೇಳಿರುವುದು ಇಷ್ಟು: ಹಳೆಯ ಫಾರಂನ ಕೊನೆಯ ದಿನ 15, ಫೋಟೋ ಕಡ್ಡಾಯ, ಪಟ್ಟಿ ಶುಕ್ರವಾರದ ಹೊತ್ತಿಗೆ. ಆದರೆ 31ನೇ ನಿಮಿಷದಲ್ಲಿ ವಾರಂಟಿ ವಿಭಾಗದವರು ಬೇರೆಯೇ ಹೇಳಿದ್ದಾರೆ. ನಾನು ಅದನ್ನು ವಿನಾಯಿತಿ ಎಂದು ತಿಳಿದು, ಕೊನೆಯ ದಿನವಿದ್ದರೂ ಆಮೇಲೆ ಬಂದದ್ದನ್ನು ತಳ್ಳಿಹಾಕುವುದಿಲ್ಲ ಎಂಬ ಅರ್ಥದಲ್ಲಿ ‘ನಂತರವೂ ಸ್ವೀಕರಿಸಬಹುದು’ ಎಂದು ಬರೆದೆ. ಆ ಭಾಗವನ್ನು ಫೈಲಿನಲ್ಲಿರುವಂತೆಯೇ ಕೆಳಗೆ ಕೊಟ್ಟಿದ್ದೇನೆ.

```
00:31:07.200 --> 00:31:11.900
<v Speaker 3>We can take the old form after the fifteenth.

00:31:12.400 --> 00:31:16.100
<v Speaker 1>So what happens to the ones already in the post?

00:31:16.800 --> 00:31:21.300
<v Speaker 3>I guess we'd have to look at those case by case.
```

ಎರಡುನುಡಿ

ಸಂಜೆಪಾಳಿಯವರೇ, ನಿಮ್ಮ ಕನ್ನಡದಲ್ಲಿ ಸರಳಗೊಳಿಸಬೇಕಾದದ್ದು ಹೆಚ್ಚೇನೂ ಇಲ್ಲ. ತಪ್ಪು ಇಂಗ್ಲಿಷಿನಲ್ಲಿಯೇ ಇದೆ. ಮೊದಲ ಸಾಲನ್ನು ಸದ್ಯಕ್ಕೆ ಮುಚ್ಚಿಟ್ಟು, ಎರಡನೆಯ ಸಾಲನ್ನು ಮಾತ್ರ ಓದಿ. ಹಾಗಾದರೆ ಈಗಾಗಲೇ ಅಂಚೆಯಲ್ಲಿರುವ ಫಾರಂಗಳ ಗತಿಯೇನು ಎಂದು ಒಬ್ಬರು ಕೇಳುತ್ತಿದ್ದಾರೆ. 15ರ ನಂತರವೂ ಹಳೆಯ ಫಾರಂ ತೆಗೆದುಕೊಳ್ಳುವುದಾದರೆ ಅಂಚೆಯಲ್ಲಿರುವ ಫಾರಂಗಳ ಬಗ್ಗೆ ಯಾರಾದರೂ ಏಕೆ ಚಿಂತಿಸುತ್ತಾರೆ? ತೆಗೆದುಕೊಳ್ಳಲಾಗದು ಎಂದು ಹೇಳಿದಾಗ ಮಾತ್ರ ಆ ಪ್ರಶ್ನೆ ಹುಟ್ಟುತ್ತದೆ. ಹಾಗಾಗಿ ಮೊದಲ ಸಾಲಿನಲ್ಲಿ ಮಾತನಾಡಿದವರು ಬಹುಶಃ ‘ಕ್ಯಾನ್’ ಎನ್ನಲಿಲ್ಲ, ‘ಕಾಂಟ್’ ಎಂದರು. ಇಂಗ್ಲಿಷ್ ಆಡುಮಾತಿನಲ್ಲಿ ಆ ಪದದ ಕೊನೆಯ ‘ಟ್’ ಮುಂದಿನ ಪದದ ಮೊದಲ ‘ಟ್’ನೊಂದಿಗೆ ಸೇರಿ ಕರಗಿಹೋಗುತ್ತದೆ, ಇಲ್ಲಿ ಮುಂದಿನ ಪದ ‘ಟೇಕ್’ ಆಗಿರುವುದನ್ನು ಗಮನಿಸಿ. ಬ್ರಿಟಿಷರು ಹಲವರು ಆ ಪದವನ್ನು ‘ಕಾಂಟ್’ ಎಂದು ದೀರ್ಘ ಸ್ವರದಲ್ಲಿ ಹೇಳುವುದರಿಂದ ಕಿವಿಗೆ ವ್ಯತ್ಯಾಸ ತಿಳಿಯುತ್ತದೆ. ಆದರೆ ಅಮೆರಿಕದವರ ಅಥವಾ ನಮ್ಮವರ ಉಚ್ಚಾರಣೆಯಲ್ಲಿ ಎರಡೂ ತೀರಾ ಹತ್ತಿರ. ಸ್ವಯಂಚಾಲಿತವಾಗಿ ತಯಾರಾದ ಟ್ರಾನ್ಸ್‌ಕ್ರಿಪ್ಟಿನಲ್ಲಿ ಅತ್ಯಂತ ಅಪಾಯಕಾರಿಯಾದ ತಪ್ಪು ಇದೇ, ಏಕೆಂದರೆ ವ್ಯಾಕರಣ ಕೆಡುವುದಿಲ್ಲ, ಕಣ್ಣು ಎಡವುವುದಿಲ್ಲ, ಅರ್ಥ ಮಾತ್ರ ತಲೆಕೆಳಗಾಗಿರುತ್ತದೆ.

ರೆಕಾರ್ಡಿಂಗ್ ಉಳಿದಿದ್ದರೆ 31 ನಿಮಿಷ 7 ಸೆಕೆಂಡಿನಿಂದ ಹದಿನೈದು ಸೆಕೆಂಡು ಕೇಳಿ ಹೇಳಿ. ಸಮಯದ ಗುರುತು ಇರುವುದೇ ಅದಕ್ಕಾಗಿ.

ಸಂಜೆಪಾಳಿ

ಕೇಳಿದೆ. ನೀವು ಹೇಳಿದ್ದೇ ಸರಿ. ಮಾತನಾಡಿದವರು ನಮ್ಮ ದೇಶದ ಸರ್ವಿಸ್ ವಿಭಾಗದವರು, ಬ್ರಿಟನ್ನಿಗೆ ಹೋಗಿದ್ದವರು. ಎರಡು ಸಲ ಕೇಳಿದರೂ ನನಗೆ ಪದ ಸ್ಪಷ್ಟವಾಗಲಿಲ್ಲ, ಆದರೆ ಧ್ವನಿಯ ಏರಿಳಿತದಲ್ಲಿ ನಿರಾಕರಣೆ ಖಂಡಿತವಾಗಿ ಇದೆ. ಇಷ್ಟು ದಿನ ನನ್ನ ಕನ್ನಡವನ್ನೇ ಬೈದುಕೊಳ್ಳುತ್ತಿದ್ದೆ.

ಶೀಘ್ರಲಿಪಿ

ಅಂದರೆ ನಾನು ಹೇಳಿದ್ದೇ ಸರಿಯಾಯಿತಲ್ಲವೇ? ಕೊನೆಯ ಹತ್ತು ನಿಮಿಷವನ್ನು ಮಾತ್ರ ಓದಿದ್ದರೆ 15 ಕೊನೆಯ ದಿನ ಎಂದು ನೇರವಾಗಿ ಬರೆಯುತ್ತಿದ್ದರು, 26 ಕ್ಲೇಮ್‌ಗಳು ವಾಪಸಾಗುತ್ತಿರಲಿಲ್ಲ.

ಎರಡುನುಡಿ

ಅರ್ಧ ಸರಿ, ಸ್ವಾಮಿ. ಕೊನೆಯಲ್ಲಿ ಹೇಳಿದ್ದಕ್ಕೂ ನಡುವೆ ಹೇಳಿದ್ದಕ್ಕೂ ಹೊಂದಿಕೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂದು ತಿಳಿಯಲು ಆ ಭಾಗ ಬಹಳ ಉಪಯುಕ್ತ. ನಾನೂ ಓದುವುದನ್ನು ಅಲ್ಲಿಂದಲೇ ಆರಂಭಿಸುತ್ತೇನೆ. ಆದರೆ ಅಂಚೆಯಲ್ಲಿರುವ ಫಾರಂಗಳ ಪ್ರಶ್ನೆ ಕೊನೆಯ ಭಾಗದಲ್ಲಿ ಇಲ್ಲವೇ ಇಲ್ಲ. ನಡೆಸುವವರು ಮುಗಿದ ವಿಷಯಗಳನ್ನಷ್ಟೇ ಮತ್ತೆ ಹೇಳುತ್ತಾರೆ. ಮುಗಿಯದೆ ಉಳಿದದ್ದು ಅವರ ಬಾಯಿಂದ ಬರುವುದು ಅಪರೂಪ. ಕ್ಲೇಮ್ ಕೈಯಲ್ಲಿ ಹಿಡಿದು ಕುಳಿತವರಿಗೆ ದಿನದ ಮೊದಲ ಗಂಟೆಯಲ್ಲಿಯೇ ಎದುರಾಗುವುದು ಆ ಮುಗಿಯದ ಪ್ರಶ್ನೆ. ವಾಪಸಾದ 26ರಲ್ಲಿ ಎಷ್ಟು 15ಕ್ಕಿಂತ ಮೊದಲೇ ಅಂಚೆಗೆ ಬಿದ್ದಿದ್ದವು ಎಂದು ಅಂಚೆಯ ಮುದ್ರೆ ನೋಡಿ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ಸಂಜೆಪಾಳಿ

ಹನ್ನೊಂದು. ಈಗಷ್ಟೇ ಎಣಿಸಿದೆವು.

ಕೆಳಮೇಜು

ನಾನು ಮೇಜಿನ ಈ ಬದಿಯವನು. ಇಂತಹ ಸಾರಾಂಶಗಳನ್ನು ಬರೆದವನಲ್ಲ. ನಾಲ್ಕು ವರ್ಷದಿಂದ ಓದಿ ಕೆಲಸ ಮಾಡುತ್ತಿರುವವನು. ನಮ್ಮದೂ ಸಣ್ಣ ಊರು, ಡೇಟಾ ಪರಿಶೀಲನೆಯ ಕೆಲಸ. ಎರಡು ಮಾತು ಹೇಳುತ್ತೇನೆ.

ಮೊದಲನೆಯದು, ‘ಕಳುಹಿಸಲಾಗುವುದು’, ‘ಪರಿಶೀಲಿಸಲಾಗುವುದು’, ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಪದಗಳನ್ನು ನಾವು ಓದುವುದೇ ಇಲ್ಲ. ಕಣ್ಣು ತಾನಾಗಿ ಜಾರಿಬಿಡುತ್ತದೆ. ಯಾರು ಮಾಡುತ್ತಾರೆಂದು ಹೇಳದ ಕೆಲಸ ನಮ್ಮದಲ್ಲ ಎಂದು ನಾವು ಅಭ್ಯಾಸ ಮಾಡಿಕೊಂಡಿದ್ದೇವೆ. ನಿಮ್ಮ ಪಟ್ಟಿ ಯಾರಿಂದಲೂ ಬಾರದಿರುವುದಕ್ಕೆ ಆ ಒಂದು ಕ್ರಿಯಾಪದವೇ ಸಾಕಷ್ಟು ಕಾರಣವಾಗಿರಬಹುದು.

ಎರಡನೆಯದು, ದಯವಿಟ್ಟು ಪರದೆಯ ಮೇಲಿರುವ ಪದಗಳನ್ನು ಕನ್ನಡಿಸಬೇಡಿ. ನಮ್ಮ ಹಿಂದಿನ ಮೇಲ್ವಿಚಾರಕರು ‘ತಡೆಹಿಡಿದ ಅರ್ಜಿಗಳು’ ಎಂದು ಬರೆಯುತ್ತಿದ್ದರು. ನಮ್ಮ ಪರದೆಯಲ್ಲಿ `On Hold` ಎಂದೂ `Pending` ಎಂದೂ ಎರಡು ಬೇರೆ ಗುಂಡಿಗಳಿವೆ. ಅವರು ಹೇಳಿದ್ದು ಯಾವುದು ಎಂದು ಕೇಳಲು ಪ್ರತಿ ಸಲವೂ ಫೋನ್ ಮಾಡಬೇಕಾಗುತ್ತಿತ್ತು. ವಾಕ್ಯ ಕನ್ನಡದಲ್ಲಿರಲಿ, ಗುಂಡಿಯ ಹೆಸರು ಗುಂಡಿಯ ಮೇಲಿರುವಂತೆಯೇ ಇರಲಿ.

ಸಂಜೆಪಾಳಿ

ಕೆಳಮೇಜಿನವರೇ, ಆ ‘ಕಳುಹಿಸಲಾಗುವುದು’ ನನಗೆ ಚುಚ್ಚಿತು. ಅದನ್ನು ನಾನು ಬೇಕೆಂದೇ ಬರೆದದ್ದು. ಇಂಗ್ಲಿಷಿನಲ್ಲಿ ‘ವಿ ವಿಲ್ ಪುಟ್ ಟುಗೆದರ್ ದಿ ಲಿಸ್ಟ್’ ಎಂದಿತ್ತು. ‘ನಾವು ತಯಾರಿಸುತ್ತೇವೆ’ ಎಂದು ನಾನು ಬರೆದರೆ ನಮ್ಮ ತಂಡವೇ ತಯಾರಿಸಬೇಕು ಎಂದಾಗುತ್ತದೆ, ‘ಅವರು’ ಎಂದರೆ ಅವರು ಯಾರೆಂದು ನನಗೇ ತಿಳಿಯದು. ಅದಕ್ಕಾಗಿ ಯಾರೂ ಇಲ್ಲದ ವಾಕ್ಯಕ್ಕೆ ಮೊರೆಹೋದೆ.

ಎರಡುನುಡಿ

ಇದು ನಿಮ್ಮೊಬ್ಬರ ತೊಡಕಲ್ಲ, ‘ನಾವು’ ಎಂಬ ಪದದ ತೊಡಕು. ತೆಲುಗಿನಲ್ಲಿ ಕೇಳುವವರನ್ನೂ ಸೇರಿಸಿಕೊಂಡ ‘ಮನಂ’ ಬೇರೆ, ಸೇರಿಸಿಕೊಳ್ಳದ ‘ಮೇಮು’ ಬೇರೆ. ತಮಿಳಿನಲ್ಲಿ ‘ನಾಮ್’, ‘ನಾಂಗಳ್’ ಎಂಬ ಜೋಡಿ ಇದೆ. ತುಳುವಿನಲ್ಲಿ ‘ನಮ’, ‘ಎಂಕುಳು’ ಇವೆ. ಇಂದಿನ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ, ಇಂಗ್ಲಿಷಿನಲ್ಲಿಯೂ ‘ವಿ’ ಒಂದೇ. ಹಾಗಾಗಿ ಇಂಗ್ಲಿಷಿನ ಮಸುಕು ಯಾವ ಅಡ್ಡಿಯೂ ಇಲ್ಲದೆ ಕನ್ನಡಕ್ಕೆ ಹರಿದುಬರುತ್ತದೆ. ನಾನು ಸಾರಾಂಶದಲ್ಲಿ ‘ನಾವು’ ಎಂಬ ಪದವನ್ನು ಬಳಸುವುದನ್ನೇ ಬಿಟ್ಟಿದ್ದೇನೆ. ಪ್ರತಿ ‘ವಿ’ ಬಂದಾಗಲೂ ಅದು ಯಾವ ವಿಭಾಗ ಎಂದು ಕೇಳಿಕೊಂಡು ವಿಭಾಗದ ಹೆಸರನ್ನೇ ಬರೆಯುತ್ತೇನೆ. ಹೆಸರು ಸಿಗದಿದ್ದರೆ ‘ಯಾರು ಕಳುಹಿಸುತ್ತಾರೆ ಎಂಬುದು ಕಾಲ್‌ನಲ್ಲಿ ಸ್ಪಷ್ಟವಾಗಿಲ್ಲ’ ಎಂದು ಬರೆಯುತ್ತೇನೆ. ಹಾಗೆ ಬರೆದರೆ ಓದಿದವರಲ್ಲಿ ಒಬ್ಬರಾದರೂ ಮರುದಿನ ಕೇಳುತ್ತಾರೆ. ‘ಕಳುಹಿಸಲಾಗುವುದು’ ಎಂದರೆ ಯಾರೂ ಕೇಳುವುದಿಲ್ಲ.

ನಿಮ್ಮ ಫೈಲಿನಲ್ಲಿ ಇನ್ನೊಂದು ವಿಷಯವಿದೆ. ಪಟ್ಟಿಯ ಮಾತನ್ನು ಆಡಿದವರು ಯಾರೆಂದು ಫೈಲಿನಲ್ಲಿದೆ?

ಸಂಜೆಪಾಳಿ

`Speaker 3` ಎಂದೇ ಇದೆ. 31ನೇ ನಿಮಿಷದವರೇ. ಓ, ಆದರೆ ಅದನ್ನು ನಾನು ವಾರಂಟಿ ವಿಭಾಗ ಎಂದು ತಿಳಿದಿದ್ದೆ, ರೆಕಾರ್ಡಿಂಗಿನಲ್ಲಿ ಕೇಳಿದರೆ ಅದು ಸರ್ವಿಸ್ ವಿಭಾಗದವರ ಧ್ವನಿ.

ಎರಡುನುಡಿ

ಒಂದು ಕೋಣೆಯಲ್ಲಿ ಮೂರು ಜನ ಒಂದೇ ಮೈಕಿನ ಮುಂದೆ ಕುಳಿತಿದ್ದರೆ ಫೈಲು ಮೂವರನ್ನೂ ಒಬ್ಬರೆಂದೇ ಬರೆಯುವುದುಂಟು. ಪಟ್ಟಿಯ ಸಾಲನ್ನೂ ಒಮ್ಮೆ ಕೇಳಿ. ಕೋಣೆಯಲ್ಲಿದ್ದವರಲ್ಲಿ ಬೇರೆ ಯಾರೋ ಅದನ್ನು ಹೇಳಿರುವ ಸಾಧ್ಯತೆಯಿದೆ. ಇಡೀ 52 ನಿಮಿಷ ಕೇಳುವ ಅಗತ್ಯವಿಲ್ಲ. ಮಾತಿನ ವೇಗ ನಿಮಿಷಕ್ಕೆ ನೂರೈವತ್ತು ಪದದಷ್ಟಿದ್ದರೆ ನಿಮ್ಮ ಟ್ರಾನ್ಸ್‌ಕ್ರಿಪ್ಟಿನಲ್ಲಿ ಏಳೆಂಟು ಸಾವಿರ ಪದಗಳಿರುತ್ತವೆ. ಅದರಲ್ಲಿ ನಿಮ್ಮ ತಂಡದ ನಾಳೆಯ ಕೆಲಸವನ್ನು ಬದಲಾಯಿಸುವ ವಾಕ್ಯಗಳು ಹತ್ತು ಹನ್ನೆರಡನ್ನು ಮೀರುವುದು ಕಡಿಮೆ. ಓದುವಾಗ ಅವುಗಳ ಸಮಯವನ್ನು ಅಂಚಿನಲ್ಲಿ ಗುರುತು ಹಾಕಿಕೊಂಡು, ಆ ಹನ್ನೆರಡನ್ನು ಮಾತ್ರ ಕಿವಿಯಿಂದ ಪರೀಕ್ಷಿಸಿದರೆ ಕಾಲು ಗಂಟೆಯ ಕೆಲಸ. ಸಂಖ್ಯೆ ಇರುವ, ನಿರಾಕರಣೆ ಇರುವ, ದಿನಾಂಕ ಇರುವ ವಾಕ್ಯಗಳನ್ನು ಕೇಳದೆ ನಾನು ಬರೆಯುವುದಿಲ್ಲ. ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಅದಲುಬದಲಾದದ್ದನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ.

ಮೂರನೆಯಓದು

ಮಧ್ಯೆ ಬರುತ್ತಿದ್ದೇನೆ. ‘ಸ್ವೀಕರಿಸಬಹುದು’ ಎಂಬುದನ್ನು ತಂಡ ಎರಡು ಬಗೆಯಾಗಿ ಓದಿದ ಸಂಗತಿ ಹಾಗೆಯೇ ಉಳಿದುಹೋಯಿತು. ಇಂಗ್ಲಿಷ್ ಸಾಲು ಸರಿಯಾಗಿದ್ದರೂ ಆ ಎರಡು ಓದು ಆಗಿಯೇ ಆಗುತ್ತಿದ್ದವು. ‘-ಬಹುದು’ ಎಂಬುದು ನಮ್ಮಲ್ಲಿ ಅನುಮತಿಯನ್ನೂ ಹೇಳುತ್ತದೆ, ಸಾಧ್ಯತೆಯನ್ನೂ ಹೇಳುತ್ತದೆ. ‘ನಾಳೆ ಮಳೆ ಬರಬಹುದು’ ಎಂಬಲ್ಲಿ ಮಳೆಗೆ ಯಾರೂ ಅನುಮತಿ ಕೊಟ್ಟಿಲ್ಲ, ‘ನೀವು ಒಳಗೆ ಬರಬಹುದು’ ಎಂಬಲ್ಲಿ ಕೊಟ್ಟಿದ್ದಾರೆ. ಹಾಗೆಯೇ ಇಂಗ್ಲಿಷಿನ ‘ಶುಡ್’ ಮತ್ತು ‘ಮಸ್ಟ್’ ಎರಡೂ ಕನ್ನಡಕ್ಕೆ ಬರುವಾಗ ‘ಬೇಕು’ ಆಗಿಬಿಡುತ್ತವೆ. ಹಾಗಾಗಿ ಮಾಡಿದರೆ ಒಳ್ಳೆಯದು ಎಂಬ ಸಲಹೆ ನಮ್ಮ ಊರಿಗೆ ತಲುಪುವಷ್ಟರಲ್ಲಿ ಆಜ್ಞೆಯಾಗಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಬೇಕು: ‘ಮಸ್ಟ್’ಗೆ ‘ಮಾಡಲೇಬೇಕು’, ‘ಶುಡ್’ಗೆ ‘ಮಾಡಬೇಕು’, ‘ಕುಡ್’ಗೆ ‘ಮಾಡಬಹುದು’. ಒಮ್ಮೆ ನಿಗದಿಯಾದರೆ ಗೊಂದಲವಿಲ್ಲ.

ಎರಡುನುಡಿ

ಕಾರಣವನ್ನು ಸರಿಯಾಗಿ ಹಿಡಿದಿದ್ದೀರಿ, ಮದ್ದು ಮಾತ್ರ ಒಪ್ಪಿಗೆಯಾಗಲಿಲ್ಲ. ಇಂಗ್ಲಿಷಿನವರೇ ಆ ಪದಗಳನ್ನು ಪಟ್ಟಿಯಂತೆ ಬಳಸುವುದಿಲ್ಲ. ಗ್ರಾಹಕ ಸಂಸ್ಥೆಯ ಹಿರಿಯರು ‘ಯು ಮೈಟ್ ವಾಂಟ್ ಟು ಚೆಕ್ ದಟ್’ ಎಂದರೆ ಅದು ಸಲಹೆಯ ವೇಷದಲ್ಲಿರುವ ಆಜ್ಞೆ. ಅದೇ ಮಾತನ್ನು ಸಹೋದ್ಯೋಗಿ ಹೇಳಿದರೆ ನಿಜವಾಗಿಯೂ ಸಲಹೆ. ‘ವಿ ಶುಡ್ ಪ್ರಾಬಬ್ಲಿ ಲುಕ್ ಅಟ್ ಇಟ್’ ಎಂದು ಹೇಳಿ ಮುಂದಕ್ಕೆ ಹೋದರೆ ಹಲವು ಸಲ ಯಾರೂ ನೋಡುವುದಿಲ್ಲ ಎಂದೇ ಅರ್ಥ. ಸಹಾಯಕ ಕ್ರಿಯಾಪದವನ್ನು ಅನುವಾದಿಸಿ ಪ್ರಯೋಜನವಿಲ್ಲ. ಆ ಮಾತಿನ ನಂತರ ಏನಾಯಿತು ಎಂದು ನೋಡಬೇಕು: ಒಬ್ಬರು ಒಪ್ಪಿಕೊಂಡರೇ, ದಿನಾಂಕ ಬಿತ್ತೇ, ಅಥವಾ ಮಾತು ಬೇರೆಡೆ ತಿರುಗಿತೇ? ಒಪ್ಪಿಗೆಯೂ ದಿನಾಂಕವೂ ಇದ್ದರೆ ಅದು ತೀರ್ಮಾನ. ಇಲ್ಲದಿದ್ದರೆ ಪ್ರಸ್ತಾಪವಾಯಿತು ಅಷ್ಟೇ. ಕನ್ನಡದಲ್ಲಿ ‘ಹೀಗೆ ತೀರ್ಮಾನವಾಯಿತು’, ‘ಹೀಗೊಂದು ಸಲಹೆ ಬಂತು, ತೀರ್ಮಾನವಾಗಲಿಲ್ಲ’ ಎಂದು ವಾಕ್ಯದ ಆರಂಭದಲ್ಲಿಯೇ ಹೇಳಿಬಿಟ್ಟರೆ ಆಮೇಲೆ ‘ಬೇಕು’, ‘ಬಹುದು’ಗಳ ಮೇಲೆ ಅಷ್ಟು ಭಾರ ಬೀಳುವುದಿಲ್ಲ.

ಮೂರನೆಯಓದು

ಹಾಗಾದರೆ ಸಾರಾಂಶ ಬರೆಯುವವರು ಊಹೆ ಮಾಡಿದಂತಾಗುವುದಿಲ್ಲವೇ? ಹಿರಿಯರ ‘ಮೈಟ್’ ಆಜ್ಞೆಯೆಂದು ತೀರ್ಮಾನಿಸುವ ಅಧಿಕಾರ ಅವರಿಗೆ ಎಲ್ಲಿಂದ ಬಂತು? ಪಟ್ಟಿಯಿದ್ದರೆ ಕೊನೆಗೆ ಹೊಣೆಯಾದರೂ ಪಟ್ಟಿಯದು.

ಎರಡುನುಡಿ

ಊಹೆ ಇರುತ್ತದೆ, ಅಲ್ಲಗಳೆಯುವುದಿಲ್ಲ. ಅಂತಹ ಕಡೆ ಮೂಲ ವಾಕ್ಯವನ್ನೂ ಪಕ್ಕದಲ್ಲಿ ಬರೆಯುತ್ತೇನೆ.

ಕೆಳಮೇಜು

ಅದನ್ನು ಎಲ್ಲ ಸಾಲಿಗೂ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಪ್ರತಿ ಕನ್ನಡ ವಾಕ್ಯದ ಪಕ್ಕದಲ್ಲಿ ಇಂಗ್ಲಿಷ್ ಇದ್ದರೆ, ಇಂಗ್ಲಿಷ್ ಬಲ್ಲವರು ಅದನ್ನೇ ಓದುತ್ತಾರೆ, ಉಳಿದವರು ಅವರನ್ನು ಕೇಳುತ್ತಾರೆ, ಕನ್ನಡದ ಸಾರಾಂಶಕ್ಕೆ ಓದುಗರೇ ಇರುವುದಿಲ್ಲ. ನಮ್ಮಲ್ಲಿ ಹಾಗೆಯೇ ಆಯಿತು.

ಶೀಘ್ರಲಿಪಿ

ಶುಕ್ರವಾರದ ವಿಷಯಕ್ಕೆ ಬರುತ್ತೇನೆ. ಅವರು ಹೇಳಿದ್ದು ‘ಎಂಡ್ ಆಫ್ ಡೇ ಫ್ರೈಡೇ’ ಆಗಿದ್ದರೆ ‘ಶುಕ್ರವಾರದೊಳಗೆ’ ಎಂಬುದು ತಪ್ಪಾಗುತ್ತದೆ. ‘ಒಳಗೆ’ ಎಂದರೆ ಶುಕ್ರವಾರ ಸೇರಿದೆಯೋ ಇಲ್ಲವೋ ಎಂದು ನಮ್ಮ ಕಚೇರಿಯಲ್ಲಿ ಎಷ್ಟೋ ಜಗಳಗಳಾಗಿವೆ. ‘ಶುಕ್ರವಾರ ಸಂಜೆ ಐದೂವರೆಯ ಹೊತ್ತಿಗೆ’ ಎಂದು ಬರೆಯಬೇಕು.

ಸಂಜೆಪಾಳಿ

ಅವರ ಐದೂವರೆಯೋ ನಮ್ಮ ಐದೂವರೆಯೋ, ಸರ್? ಅಕ್ಟೋಬರ್ ಮೊದಲ ವಾರದಲ್ಲಿ ಬ್ರಿಟನ್ನಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಅಲ್ಲಿಯ ಐದೂವರೆ ಎಂದರೆ ನಮ್ಮ ರಾತ್ರಿ ಹತ್ತು. ಅಕ್ಟೋಬರಿನ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಅದು ರಾತ್ರಿ ಹನ್ನೊಂದಾಗುತ್ತದೆ. ನನ್ನ ತಂಡ ಶುಕ್ರವಾರ ಪೂರ್ತಿ ಪಟ್ಟಿಗಾಗಿ ಕಾದು, ಬಾರದೆ, ಫೋಟೋ ಇಲ್ಲದ ಕ್ಲೇಮ್‌ಗಳನ್ನೆಲ್ಲ ಅಂದೇ ತಿರಸ್ಕರಿಸಿತು.

ಎರಡುನುಡಿ

ಹಾಗಾಗಿ ತಂಡಕ್ಕೆ ಬರೆಯುವಾಗ ಅದು ‘ಸೋಮವಾರ ಬೆಳಿಗ್ಗೆ ನಿಮ್ಮ ಕೈಯಲ್ಲಿರುತ್ತದೆ’ ಎಂದಾಗಬೇಕಿತ್ತು, ಸೋಮವಾರದ ತಾರೀಕಿನೊಂದಿಗೆ. ಅವರ ಗಡುವನ್ನು ಅನುವಾದಿಸುವುದಕ್ಕಿಂತ ಓದುವವರ ಮೇಜಿಗೆ ಅದು ಯಾವಾಗ ತಲುಪುತ್ತದೆ ಎಂದು ಹೇಳುವುದು ಉಪಯೋಗಕ್ಕೆ ಬರುತ್ತದೆ. ‘ಮುಂದಿನ ಶುಕ್ರವಾರ’, ‘ಬರುವ ಶುಕ್ರವಾರ’ ಎಂಬುದನ್ನೂ ತಾರೀಕಿಲ್ಲದೆ ಬರೆಯಬೇಡಿ.

ನಿಮ್ಮ ಮೂರು ವಾಕ್ಯಗಳನ್ನು ನಾನು ಬರೆದಿದ್ದರೆ ಹೀಗೆ ಬರೆಯುತ್ತಿದ್ದೆ, ನೋಡಿ:

‘ತೀರ್ಮಾನವಾದದ್ದು: ಅಕ್ಟೋಬರ್ 15 ಹಳೆಯ ಫಾರಂನ ಕೊನೆಯ ದಿನ. 15ರಂದು ಬಂದದ್ದನ್ನು ತೆಗೆದುಕೊಳ್ಳಿ, 16ರಿಂದ ಬಂದದ್ದನ್ನು ತೆಗೆದುಕೊಳ್ಳಬೇಡಿ. ತೀರ್ಮಾನವಾಗದೆ ಉಳಿದದ್ದು: 15ಕ್ಕಿಂತ ಮೊದಲು ಅಂಚೆಗೆ ಹಾಕಿ, ಆಮೇಲೆ ನಿಮ್ಮ ಮೇಜಿಗೆ ತಲುಪುವ ಹಳೆಯ ಫಾರಂಗಳು. ಒಂದೊಂದನ್ನೇ ನೋಡಿ ನಿರ್ಧರಿಸಬೇಕಾದೀತು ಎಂದು ಸರ್ವಿಸ್ ವಿಭಾಗದವರು ಹೇಳಿದರು, ಆದರೆ ಯಾರು ನೋಡುತ್ತಾರೆ ಎಂದು ಹೇಳಲಿಲ್ಲ. ಉತ್ತರ ಬರುವವರೆಗೆ ಇವುಗಳನ್ನು ತಿರಸ್ಕರಿಸದೆ, ಮುಂದಕ್ಕೂ ಕಳುಹಿಸದೆ, ಲಕೋಟೆಯ ಸಮೇತ ಬೇರೆ ಕಟ್ಟಿನಲ್ಲಿಡಿ. ತೀರ್ಮಾನವಾದದ್ದು: ಪ್ರತಿ ಕ್ಲೇಮ್‌ಗೂ ಸೀರಿಯಲ್ ನಂಬರ್ ಪ್ಲೇಟಿನ ಫೋಟೋ ಕಡ್ಡಾಯ, ಪ್ಲೇಟೇ ಇಲ್ಲದ ಮಾಡೆಲ್‌ಗಳಿಗೆ ಮಾತ್ರ ವಿನಾಯಿತಿ. ಆ ಮಾಡೆಲ್‌ಗಳ ಪಟ್ಟಿ ಸೋಮವಾರ ಬೆಳಿಗ್ಗೆ ಬರಬೇಕು. ಕಳುಹಿಸುವವರು ಯಾರೆಂದು ಕಾಲ್‌ನಲ್ಲಿ ಸ್ಪಷ್ಟವಾಗಿಲ್ಲ, ನಾನು ಕೇಳಿದ್ದೇನೆ. ಪಟ್ಟಿ ಬರುವವರೆಗೆ ಫೋಟೋ ಇಲ್ಲದ ಕಾರಣಕ್ಕೆ ಯಾವುದನ್ನೂ ತಿರಸ್ಕರಿಸಬೇಡಿ.’

ನಿಮ್ಮ ಮೂರು ವಾಕ್ಯಕ್ಕಿಂತ ಇದು ಉದ್ದ. ಸಾರಾಂಶ ಎಂದರೆ ಚಿಕ್ಕದಾಗಿಯೇ ಇರಬೇಕೆಂಬ ಹಟ ನನಗಿಲ್ಲ. ಉಳಿದ ನಲವತ್ತು ನಿಮಿಷಕ್ಕೆ ಒಂದು ಸಾಲೂ ಸಿಗದಿದ್ದರೆ ಚಿಂತೆಯಿಲ್ಲ. ಒಂದು ಎಚ್ಚರಿಕೆ: ಉತ್ತರ ಬರುವವರೆಗೆ ಬೇರೆ ಕಟ್ಟಿನಲ್ಲಿಡಿ, ತಿರಸ್ಕರಿಸಬೇಡಿ ಎಂಬ ಮಾತುಗಳು ಕಾಲ್‌ನಲ್ಲಿ ಇಲ್ಲ, ಅವು ನನ್ನವು. ನಿಮಗೆ ಹಾಗೆ ಹೇಳುವ ಅಧಿಕಾರವಿದ್ದರೆ ಮಾತ್ರ ಬರೆಯಿರಿ, ನಿಮ್ಮ ಸೂಚನೆ ಎಂದು ತಿಳಿಯುವಂತೆ ಬರೆಯಿರಿ.

ಶೀಘ್ರಲಿಪಿ

ಅಲ್ಲಿಗೆ ನಡವಳಿ ಬರೆಯುವವರು ನಡವಳಿಯನ್ನು ದಾಟಿ ಆಡಳಿತಕ್ಕೆ ಕೈಹಾಕಿದಂತಾಯಿತು. ನಮ್ಮ ಕಾಲದಲ್ಲಿ ಇದನ್ನು ಒಪ್ಪುತ್ತಿರಲಿಲ್ಲ.

ಸಂಜೆಪಾಳಿ

ಶೀಘ್ರಲಿಪಿಯವರೇ, ನಾನು ನಡವಳಿ ಬರೆಯುವವಳೂ ಹೌದು, ತಂಡವನ್ನು ನಡೆಸುವವಳೂ ಹೌದು; ತೊಡಕಿರುವುದೇ ಅಲ್ಲಿ. ನನ್ನ ಸೂಚನೆಗಳನ್ನು ಪುಟದ ಕೆಳಗೆ ಗೆರೆ ಎಳೆದು ಬೇರೆಯಾಗಿ ಬರೆಯುತ್ತೇನೆ.

ಪಟ್ಟಿಯ ಸಾಲನ್ನೂ ಕೇಳಿದೆ. ಎರಡುನುಡಿಯವರು ಶಂಕಿಸಿದಂತೆ, ಅದು ಸರ್ವಿಸ್ ವಿಭಾಗದವರ ಧ್ವನಿಯಲ್ಲ, ಅದೇ ಕೋಣೆಯಲ್ಲಿದ್ದ ವಾರಂಟಿ ವಿಭಾಗದವರದು. ಇಬ್ಬರಿಗೂ ಒಂದೇ ಪತ್ರ ಬರೆದು ಕೇಳಿದೆ. ಅವರ ‘ವಿ’ಯಲ್ಲಿ ನಾವೂ ಸೇರಿದ್ದೆವಂತೆ! ಪ್ಲೇಟ್ ಇಲ್ಲದ ಮಾಡೆಲ್‌ಗಳನ್ನು ದಿನವೂ ನೋಡುವವರು ನೀವೇ ಆದ್ದರಿಂದ ಕರಡು ಪಟ್ಟಿ ನಿಮ್ಮಿಂದ ಬರುತ್ತದೆ, ನಾವು ಒಪ್ಪಿಗೆ ಕೊಡುತ್ತೇವೆ ಎಂದು ಅವರು ಕಾಯುತ್ತಿದ್ದರಂತೆ. ಈ ಪಟ್ಟಿಯನ್ನು ತಂಡದ ಇಬ್ಬರು ಅರ್ಧ ದಿನದಲ್ಲಿ ಮಾಡಿಕೊಟ್ಟರು. ಒಟ್ಟು ಏಳು ಮಾಡೆಲ್‌ಗಳು.

ಕೆಳಮೇಜು

ಅಂಚೆಯಲ್ಲಿದ್ದ ಹನ್ನೊಂದರ ಬಗ್ಗೆ ಏನೆಂದರು?

ಸಂಜೆಪಾಳಿ

ಅದಕ್ಕೆ ಮಾತ್ರ ಉತ್ತರವಿಲ್ಲ. ‘ಲೆಟ್ಸ್ ಟೇಕ್ ಇಟ್ ಆಫ್‌ಲೈನ್’ ಎಂದು ಬರೆದಿದ್ದಾರೆ. ಅಂದರೆ ಮುಂದಿನ ಕಾಲ್‌ನಲ್ಲಿ ಇದು ಬರುವುದಿಲ್ಲ ಎಂದು ನಾನು ಓದಿಕೊಂಡಿದ್ದೇನೆ. ಹೊಸ ಸಾರಾಂಶದಲ್ಲಿ ಈ ಮಾತನ್ನು ತಂಡಕ್ಕೆ ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದೇನೆ.

ಮೂರನೆಯಓದು

‘ಬೇರೆಯಾಗಿ ಮಾತನಾಡೋಣ ಎಂದರು’ ಎಂದು ಬರೆದರೆ ಸಾಕಲ್ಲವೇ?

ಎರಡುನುಡಿ

ಸಾಲದು. ಯಾರೊಂದಿಗೆ, ಯಾವಾಗ ಎಂಬುದಿಲ್ಲದಿದ್ದರೆ ಅದು ಇನ್ನೊಂದು ‘ಕಳುಹಿಸಲಾಗುವುದು’. ‘ಉತ್ತರ ಬಂದಿಲ್ಲ, ಇಂಥ ತಾರೀಕಿಗೆ ನಾನು ಮತ್ತೆ ಕೇಳುತ್ತೇನೆ’ ಎಂದು ಬರೆದು, ತಾರೀಕು ಹಾಕಿ.

ಸಂಜೆಪಾಳಿ

ಹಾಕಿದೆ. ಬುಧವಾರ, ನವೆಂಬರ್ 5. ಹನ್ನೊಂದು ಲಕೋಟೆಗಳೂ ಅಲ್ಲಿಯವರೆಗೆ ಕಟ್ಟಿನಲ್ಲಿರುತ್ತವೆ.